ಬಾಲ್ಕನಿ ಕಂಬಿ ಸೊಟ್ಟಗೆ ಬಂದರೆ: ಒಂದೇ ಸಲ ತುಂಬಬೇಕಾ, ತುಂಡು ತುಂಡಾಗಿ ತುಂಬಬೇಕಾ?

ಎಐನಲ್ಲಿ ಮನೆಯ ಎಲಿವೇಷನ್ ಚಿತ್ರ ಮಾಡುವವರಿಗೆ ಈ ತೊಂದರೆ ಚೆನ್ನಾಗಿ ಗೊತ್ತು. ಗೋಡೆ ಚೆನ್ನಾಗಿ ಬರುತ್ತದೆ, ಬಣ್ಣ ಚೆನ್ನಾಗಿ ಬರುತ್ತದೆ, ಮುಂದಿನ ತೆಂಗಿನ ಮರದ ನೆರಳು ಕೂಡ ಸರಿಯಾಗಿ ಬೀಳುತ್ತದೆ. ಬಾಲ್ಕನಿ ರೇಲಿಂಗ್ ಹತ್ತಿರ ಹೋಗಿ ನೋಡಿದರೆ ಮಾತ್ರ ಕಂಬಿಗಳು ಬಿಸಿಲಿಗೆ ಕರಗಿದ ಮೇಣದ ಹಾಗೆ ಇರುತ್ತವೆ. ಒಂದು ಕಂಬಿ ಅರ್ಧಕ್ಕೇ ಮಾಯ. ಇನ್ನೊಂದು ಮೇಲೆ ಎರಡಾಗಿ ಶುರುವಾಗಿ ಕೆಳಗೆ ಒಂದಾಗುತ್ತದೆ. ಕಿಟಕಿ ಗ್ರಿಲ್, ಕಂಬಗಳ ಸಾಲು, ಎಲ್ಲದರದ್ದೂ ಇದೇ ಪಾಡು.

ಇದನ್ನು ಸರಿ ಮಾಡೋಕೆ ದಾರಿಗಳು ಹಲವು. ತುಂಬೋದು ಅಂದರೆ ಇಲ್ಲಿ ಕೆಟ್ಟ ಜಾಗವನ್ನು ಮಾತ್ರ ಎಐನಿಂದ ಮತ್ತೆ ಮಾಡಿಸೋದು. ಯಾವುದನ್ನು ಹಿಡಿಯೋದು ಅಂತ ಗೊಂದಲ ಆಗೋದು ಸಹಜ. ನಾನು ತುಮಕೂರಿನಲ್ಲಿ ಕೂತು ಇದೇ ಕೆಲಸ ಮಾಡುವವನು. ಸ್ಟೇಬಲ್ ಡಿಫ್ಯೂಷನ್ ಅನ್ನೋ ಎಐ ಚಿತ್ರ ಮಾಡೆಲ್ ಬಳಸಿ, ಒಂದು ಬಾಲ್ಕನಿ ರೇಲಿಂಗನ್ನೇ ಉದಾಹರಣೆಯಾಗಿ ಇಟ್ಟುಕೊಂಡು, ಈ ದಾರಿಗಳನ್ನು ಪಕ್ಕಪಕ್ಕ ಇಟ್ಟು ನೋಡುತ್ತೇನೆ.

ಮೊದಲು ಏನು ನೋಡಬೇಕು

ನಾನು ಮೊದಲು ಕೇಳಿಕೊಳ್ಳೋದು, ಈ ಚಿತ್ರ ನೋಡಿ ಯಾರಾದರೂ ಏನಾದರೂ ಕಟ್ಟುತ್ತಾರಾ ಅಂತ. ಒಂದು ಸಲ ಕ್ಯಾತ್ಸಂದ್ರದ ಹತ್ತಿರದ ಒಂದು ಮನೆಗೆ ಎಲಿವೇಷನ್ ಮಾಡಿ ಕೊಟ್ಟಿದ್ದೆ. ಮನೆಯವರಿಗೆ ಇಷ್ಟವಾಯಿತು, ಪ್ರಿಂಟ್ ತೆಗೆಸಿ ವೆಲ್ಡಿಂಗ್ ಅಂಗಡಿಗೆ ಕೊಟ್ಟರು. ಸಂಜೆ ವೆಲ್ಡರ್ ಫೋನ್ ಮಾಡಿದರು. "ಸಾರ್, ಮೇಲಿನ ಪಟ್ಟಿಲಿ ಎಣಿಸಿದ್ರೆ ಹದಿಮೂರು ಕಂಬಿ, ಕೆಳಗಿನ ಪಟ್ಟಿಲಿ ಹನ್ನೊಂದು. ಯಾವ ಲೆಕ್ಕಕ್ಕೆ ಕಟ್ ಮಾಡ್ಲಿ?" ಪೈಪ್ ಕತ್ತರಿಸುವ ಮೊದಲೇ ಕೇಳಿದರು, ಮನೆಯವರ ದುಡ್ಡು ಉಳಿಯಿತು. ಅವತ್ತಿನಿಂದ ಎಣಿಕೆ ಸರಿ ಇಲ್ಲದ ರೇಲಿಂಗನ್ನು ನಾನು ಯಾರಿಗೂ ಕೊಟ್ಟಿಲ್ಲ. ಬರೀ ಸ್ಟೇಟಸ್‌ಗೆ ಹಾಕುವ ಚಿತ್ರವಾದರೆ ಮಾತು ಬೇರೆ.

ಎರಡನೆಯದು, ಒಂದು ಕಂಬಿ ಎಷ್ಟು ಪಿಕ್ಸೆಲ್ ದಪ್ಪ ಇದೆ ಅನ್ನೋದು. ಸೊಟ್ಟಗಾಗುವುದಕ್ಕೆ ಮುಖ್ಯ ಕಾರಣ ಇಲ್ಲೇ ಇದೆ. ಸ್ಟೇಬಲ್ ಡಿಫ್ಯೂಷನ್ ನೇರವಾಗಿ ಪಿಕ್ಸೆಲ್ ಮೇಲೆ ಕೆಲಸ ಮಾಡುವುದಿಲ್ಲ. 8 ಪಿಕ್ಸೆಲ್ ಅಗಲ, 8 ಪಿಕ್ಸೆಲ್ ಎತ್ತರದ ಚೌಕವನ್ನು ಚದುರಂಗದ ಹಲಗೆಯ ಮನೆಯ ಹಾಗೆ ಒಂದೇ ಮನೆಯಾಗಿ ಕುಗ್ಗಿಸಿಕೊಂಡು ಅದರ ಮೇಲೆ ಚಿತ್ರ ಮಾಡುತ್ತದೆ, ಕೊನೆಗೆ ಅದನ್ನು ಪಿಕ್ಸೆಲ್ ಆಗಿ ಬಿಡಿಸುತ್ತದೆ. ಕಂಬಿ 3 ಪಿಕ್ಸೆಲ್ ಇದ್ದರೆ ಅದು ಒಂದು ಮನೆಯ ಅರ್ಧದಷ್ಟೂ ಇಲ್ಲ. ಪಕ್ಕದ ಸಂದು, ಹಿಂದಿನ ಗೋಡೆ ಎಲ್ಲ ಅದೇ ಮನೆಯೊಳಗೆ ಕಲೆಸಿಹೋಗುತ್ತವೆ. ಕಂಬಿ ಕಡೇಪಕ್ಷ ಎರಡು ಮನೆಯಷ್ಟು, ಅಂದರೆ 16 ಪಿಕ್ಸೆಲ್ ದಪ್ಪ ಬಂದಾಗ ನೇರವಾಗಿ ನಿಲ್ಲೋಕೆ ಶುರುವಾಗುತ್ತದೆ. ಇದು ನನ್ನ ಕೈಗೆ ಬಂದ ಲೆಕ್ಕ.

ಮೂರನೆಯದು, ಸಾಲು ಎದುರಿಗೆ ಚಪ್ಪಟೆಯಾಗಿ ಕಾಣುತ್ತಾ, ಇಲ್ಲ ದೂರಕ್ಕೆ ಓಡುತ್ತಾ ಅಂತ. ದೂರಕ್ಕೆ ಓಡುವ ಸಾಲಿನಲ್ಲಿ ಸಂದುಗಳು ಬರಬರುತ್ತಾ ಕಿರಿದಾಗಬೇಕು, ಅದೂ ಒಂದು ಲೆಕ್ಕದಲ್ಲಿ. ಕೊನೆಯದು ನಿಮ್ಮ ಹತ್ತಿರ ಇರುವ ಕಂಪ್ಯೂಟರ್ ಮತ್ತು ಸಮಯ.

ಇಡೀ ರೇಲಿಂಗಿಗೆ ಒಂದೇ ಮಾಸ್ಕ್

ಎಲ್ಲರೂ ಮೊದಲು ಮಾಡೋದು ಇದನ್ನೇ. ರೇಲಿಂಗ್ ಪೂರ್ತಿ ಬಳಿದು, ಅಂದರೆ ಮತ್ತೆ ಮಾಡಿಸಬೇಕಾದ ಜಾಗಕ್ಕೆ ಮಾಸ್ಕ್ ಹಾಕಿ, ಮತ್ತೆ ಜನರೇಟ್ ಒತ್ತೋದು. ಲೆಕ್ಕ ಹಾಕಿ ನೋಡೋಣ. ಚಿತ್ರ 1024 ಪಿಕ್ಸೆಲ್ ಅಗಲ. ಅದರಲ್ಲಿ 10 ಅಡಿ ಬಾಲ್ಕನಿ ಸುಮಾರು 340 ಪಿಕ್ಸೆಲ್ ಅಗಲ, ರೇಲಿಂಗ್ 100 ಪಿಕ್ಸೆಲ್ ಎತ್ತರ. ಒಂದು ಇಂಚಿನ ಪೈಪ್ ಅಂದರೆ 3 ಪಿಕ್ಸೆಲ್‌ಗೂ ಸ್ವಲ್ಪ ಕಡಿಮೆ. ಆಟೋಮ್ಯಾಟಿಕ್1111 ಥರದ ಪ್ರೋಗ್ರಾಮಿನಲ್ಲಿ `Inpaint area` ಅನ್ನು `Whole picture` ಅಂತ ಬಿಟ್ಟರೆ ಕಂಬಿ ಅಷ್ಟೇ ದಪ್ಪ ಉಳಿಯುತ್ತದೆ. ನೂರು ಸಲ ಒತ್ತಿದರೂ ನೂರು ಬೇರೆ ಬೇರೆ ಸೊಟ್ಟ ರೇಲಿಂಗ್ ಬರುತ್ತದೆ ಅಷ್ಟೇ.

`Only masked` ಆರಿಸಿದರೆ ಸ್ವಲ್ಪ ವಾಸಿ. ಆಗ ಪ್ರೋಗ್ರಾಮ್ ಮಾಸ್ಕ್ ಸುತ್ತಲಿನ ಜಾಗವನ್ನು ಮಾತ್ರ ಕತ್ತರಿಸಿಕೊಂಡು, ಅದನ್ನು 1024ಕ್ಕೆ ಹಿಗ್ಗಿಸಿ, ಚಿತ್ರ ಮಾಡಿ, ಮತ್ತೆ ಕುಗ್ಗಿಸಿ ಅಂಟಿಸುತ್ತದೆ. 340 ಜೊತೆಗೆ ಎರಡೂ ಕಡೆ 32ರ ಅಂಚು ಸೇರಿ 404. ಅದು 1024 ಆದರೆ ಎರಡೂವರೆ ಪಟ್ಟು. ಕಂಬಿ 7 ಪಿಕ್ಸೆಲ್ ಆಯಿತು. ಇನ್ನೂ ಒಂದು ಮನೆಯಷ್ಟೂ ಇಲ್ಲ.

ಹಾಗಂತ ಈ ದಾರಿ ಕೆಲಸಕ್ಕೇ ಬಾರದ್ದಲ್ಲ. ದಪ್ಪ ಕಂಬಗಳಿಗೆ ಸಾಕಾಗುತ್ತದೆ. ಪೋರ್ಟಿಕೋದ ನಾಲ್ಕು ಕಂಬ ಒಂದೊಂದೂ 40 ಪಿಕ್ಸೆಲ್ ಇದ್ದರೆ ಸುಮ್ನೆ ತುಂಡು ಮಾಡೋಕೆ ಹೋಗಬೇಡಿ. ಒಂದೇ ಮಾಸ್ಕ್ ಹಾಕಿ, ಮುಗಿಯಿತು.

ಬರೀ ತುಂಡು ತುಂಡಾಗಿ

ಅದೇ ರೇಲಿಂಗನ್ನು ನಾಲ್ಕು ಭಾಗ ಮಾಡಿ. ಒಂದೊಂದು ಭಾಗ 85 ಪಿಕ್ಸೆಲ್ ಅಗಲ, 100 ಎತ್ತರ. ಅಂಚು ಸೇರಿಸಿದರೆ ಎತ್ತರ 164. ನಾವು ಕೊಟ್ಟ ಅಳತೆ ಚೌಕವಾದ್ದರಿಂದ ಕತ್ತರಿಸುವ ಜಾಗವೂ 164ರ ಚೌಕವಾಗುತ್ತದೆ. ಅದು 1024 ಆದರೆ ಆರು ಪಟ್ಟು. ಕಂಬಿ 17-18 ಪಿಕ್ಸೆಲ್ ಬಂತು. ಈಗ ಮಾಡೆಲ್‌ಗೆ ಕಂಬಿ ಕಂಬಿಯಾಗಿ ಕಾಣುತ್ತದೆ.

ಇಲ್ಲಿ ಒಂದು ವಿಷಯ ಗಮನಿಸಿ. ನಾಲ್ಕರ ಬದಲು ಎಂಟು ತುಂಡು ಮಾಡಿದರೆ ಇನ್ನೂ ಚೆನ್ನಾಗಿ ಬರಬಹುದು ಅನಿಸುತ್ತೆ, ಅಲ್ವಾ? ಬರುವುದಿಲ್ಲ. ತುಂಡಿನ ಅಗಲ ರೇಲಿಂಗ್ ಎತ್ತರಕ್ಕಿಂತ ಕಡಿಮೆಯಾದ ಮೇಲೆ ಎತ್ತರವೇ ಚೌಕದ ಅಳತೆ ತೀರ್ಮಾನ ಮಾಡುತ್ತದೆ. ಎಷ್ಟೇ ಸಣ್ಣ ಮಾಡಿದರೂ ಹಿಗ್ಗುವುದು ಅದೇ ಆರು ಪಟ್ಟು. ಕೆಲಸ ಮಾತ್ರ ಎರಡರಷ್ಟು. ಎತ್ತರವನ್ನೂ ಎರಡು ಭಾಗ ಮಾಡೋಣ ಅಂದರೆ ಕಂಬಿಯ ಮೇಲಿನ ಅರ್ಧಕ್ಕೂ ಕೆಳಗಿನ ಅರ್ಧಕ್ಕೂ ಹೊಂದಾಣಿಕೆ ತಪ್ಪುತ್ತದೆ. ಹಾಗಾಗಿ ತುಂಡಿನ ಅಗಲ ರೇಲಿಂಗ್ ಎತ್ತರದಷ್ಟೇ ಇರಲಿ.

ಪ್ರಾಂಪ್ಟ್ ಬದಲಾಯಿಸೋದನ್ನು ತುಂಬಾ ಜನ ಮರೆಯುತ್ತಾರೆ. ಎರಡು ಮಹಡಿ ಮನೆ, ಮುಂದೆ ತೋಟ ಅಂತ ಇಡೀ ಚಿತ್ರಕ್ಕೆ ಬರೆದ ಪ್ರಾಂಪ್ಟ್ ಹಾಗೇ ಬಿಟ್ಟರೆ, ಆ ಸಣ್ಣ ಚೌಕದೊಳಗೆ ಒಂದು ಪುಟ್ಟ ಮನೆ ಬಂದು ಕೂರುತ್ತದೆ. ಚೌಕದಲ್ಲಿ ಏನಿದೆಯೋ ಅದನ್ನಷ್ಟೇ ಬರೆಯಿರಿ:

```
straight vertical black steel balusters, evenly spaced, white plastered wall behind
```

ತುಂಡಿನ ಗಡಿ ಯಾವಾಗಲೂ ಸಂದಿನ ಮಧ್ಯೆ ಬರಬೇಕು, ಕಂಬಿಯ ಮೇಲೆ ಬರಬಾರದು. ಗಡಿ ಕಂಬಿಯನ್ನು ಸೀಳಿದರೆ ಅರ್ಧ ಹಳೆಯದು, ಅರ್ಧ ಹೊಸದು ಆಗುತ್ತದೆ. ಮಾಸ್ಕಿನ ಅಂಚನ್ನು ಮಸುಕು ಮಾಡುವ `Mask blur` 4ರ ಆಸುಪಾಸಿನಲ್ಲೇ ಇರಲಿ. 16ಕ್ಕೆ ಏರಿಸಿದರೆ ಹಳೆಯ ಸೊಟ್ಟ ಕಂಬಿ ಹೊಸದರ ಪಕ್ಕದಲ್ಲಿ ಮಸುಕು ಮಸುಕಾಗಿ ಇಣುಕುತ್ತದೆ.

ಇಷ್ಟೆಲ್ಲ ಮಾಡಿದರೂ ಈ ದಾರಿಗೆ ಒಂದು ದೊಡ್ಡ ಕೊರತೆ ಇದೆ. ಪ್ರತಿ ತುಂಡೂ ಅದರಷ್ಟಕ್ಕೆ ಚೆಂದ ಬರುತ್ತದೆ, ಆದರೆ ಒಂದರಲ್ಲಿ ಎಂಟು ಕಂಬಿ, ಪಕ್ಕದ್ದರಲ್ಲಿ ಏಳು. ಮಾಡೆಲ್ ಎಣಿಸುವುದಿಲ್ಲ. ಪಕ್ಕದ ಕಂಬಿ ನೋಡಿ ಅಂದಾಜು ಮಾಡುತ್ತದೆ. ಆ ಅಂದಾಜಿನ ಸಣ್ಣ ತಪ್ಪು ತುಂಡಿನಿಂದ ತುಂಡಿಗೆ ಬೆಳೆಯುತ್ತದೆ. ಎರಡೂ ತುದಿಯಿಂದ ಶುರು ಮಾಡಿ ಮಧ್ಯೆ ಸೇರಿಸೋಣ ಅಂದರೆ ಇನ್ನೂ ಕಷ್ಟ, ನಡುವೆ ಉಳಿಯುವ ಸಂದು ಒಂದಕ್ಕೆ ಜಾಸ್ತಿ, ಎರಡಕ್ಕೆ ಕಡಿಮೆ. ಈ ದಾರಿ ಹಿಡಿಯುವುದಾದರೆ ಚೆನ್ನಾಗಿರುವ ಒಂದು ತುದಿಯಿಂದ, ಸಾಮಾನ್ಯವಾಗಿ ನಮಗೆ ಹತ್ತಿರದ ತುದಿಯಿಂದ, ಒಂದೇ ದಿಕ್ಕಿಗೆ ಹೋಗಿ. ಸರಿಯಾದ ತುಂಡು ಮುಂದಿನದಕ್ಕೆ ದಾರಿ ತೋರಿಸುತ್ತದೆ. ನೋಡೋಕೆ ಮಾತ್ರ ಇರುವ ಚಿತ್ರಕ್ಕೆ ಇಷ್ಟು ಸಾಕು, ಅರ್ಧ ಗಂಟೆ ಕೆಲಸ.

ಗೆರೆ ಎಳೆದು, ಆಮೇಲೆ ತುಂಡು ತುಂಡಾಗಿ

ಕಟ್ಟುವ ಚಿತ್ರಕ್ಕೆ ನಾನು ಹಿಡಿಯೋದು ಈ ದಾರಿ. ಎಣಿಕೆಯನ್ನು ಮಾಡೆಲ್‌ಗೆ ಬಿಡದೆ ನಾವೇ ಮಾಡೋದು, ಮಾಡೆಲ್‌ಗೆ ಹೊಳಪು, ನೆರಳು, ವೆಲ್ಡಿಂಗ್ ಗಂಟು ಮಾತ್ರ ಬಿಡೋದು.

ಕ್ಯಾತ್ಸಂದ್ರದ ಮನೆಯನ್ನೇ ಮತ್ತೆ ಮಾಡಿದ ಬಗೆ ಹೇಳುತ್ತೇನೆ. ಬಾಲ್ಕನಿ 10 ಅಡಿ, ಮಧ್ಯೆ ಒಂದು ದಪ್ಪ ಪೋಸ್ಟ್. ಅಂದರೆ 5 ಅಡಿಯ ಎರಡು ಪ್ಯಾನಲ್. ಮನೆಯಲ್ಲಿ ಸಣ್ಣ ಮಗು ಇತ್ತು, ಸಂದು ನಾಲ್ಕು ಇಂಚಿಗಿಂತ ಕಡಿಮೆ ಇರಬೇಕಿತ್ತು. 60 ಇಂಚನ್ನು 16 ಸಂದು ಮಾಡಿದರೆ ಕಂಬಿಯ ನಡುವಿನಿಂದ ನಡುವಿಗೆ ಮೂರೂಮುಕ್ಕಾಲು, ಅಂದರೆ 3.75 ಇಂಚು. ಇಂಚಿನ ಪೈಪ್ ಕಳೆದರೆ ಖಾಲಿ ಜಾಗ 2.75 ಇಂಚು. 16 ಸಂದಿಗೆ 15 ಕಂಬಿ. ಎರಡೂ ಪ್ಯಾನಲ್ ಸೇರಿ 30.

16 ಅನ್ನೋ ಸಂಖ್ಯೆ ಆರಿಸಿಕೊಳ್ಳೋಕೆ ಇನ್ನೊಂದು ಕಾರಣವೂ ಇದೆ. ಬಾಲ್ಕನಿ ಓರೆಯಾಗಿ ಕಾಣುತ್ತಿತ್ತು, ಅಳತೆಪಟ್ಟಿ ಹಿಡಿದು ಸಮ ಭಾಗ ಮಾಡಿದರೆ ತಪ್ಪಾಗುತ್ತದೆ. ಅದಕ್ಕೆ ಡ್ರಾಯಿಂಗ್ ಮಾಡುವವರ ಹಳೆಯ ಉಪಾಯ ಇದೆ. ಪ್ಯಾನಲ್‌ನ ನಾಲ್ಕು ಮೂಲೆಗೆ ಅಡ್ಡಡ್ಡ ಎರಡು ಕರ್ಣ ಎಳೆಯಿರಿ. ಅವು ಕೂಡುವ ಜಾಗದ ಮೂಲಕ ನೆಟ್ಟಗೆ ಒಂದು ಗೆರೆ ಎಳೆದರೆ ಅದೇ ಓರೆಯಲ್ಲಿನ ನಿಜವಾದ ಮಧ್ಯ. ಈಗ ಎರಡು ಭಾಗ ಆಯಿತು. ಒಂದೊಂದಕ್ಕೂ ಮತ್ತೆ ಕರ್ಣ ಎಳೆದರೆ ನಾಲ್ಕು, ಆಮೇಲೆ ಎಂಟು, ಆಮೇಲೆ ಹದಿನಾರು. ದೂರ ಹೋದ ಹಾಗೆ ಸಂದು ತಾನಾಗೇ ಕಿರಿದಾಗುತ್ತದೆ. ಗಿಂಪ್ ಅಥವಾ ಕ್ರಿಟಾದಲ್ಲಿ ಬೇರೆ ಲೇಯರ್ ಮೇಲೆ ಇದನ್ನು ಮಾಡಿದರೆ ಇಪ್ಪತ್ತು ನಿಮಿಷ. ಎರಡೂ ಪುಕ್ಕಟೆ ಸಿಗುತ್ತವೆ.

ಗೆರೆ ಎಳೆಯುವ ಮೊದಲು ಚಿತ್ರವನ್ನು ಎರಡು ಪಟ್ಟು ದೊಡ್ಡದು ಮಾಡಿಕೊಳ್ಳಿ. ಇಲ್ಲದಿದ್ದರೆ 18 ಪಿಕ್ಸೆಲ್‌ನಲ್ಲಿ ನೆಟ್ಟಗೆ ಬಂದ ಕಂಬಿ ಅಂಟಿಸುವಾಗ ಮತ್ತೆ 3 ಪಿಕ್ಸೆಲ್‌ಗೆ ಇಳಿಯುತ್ತದೆ, ಪಟ್ಟ ಶ್ರಮ ಪ್ರಿಂಟ್‌ನಲ್ಲಿ ಕಾಣುವುದಿಲ್ಲ. ದೊಡ್ಡದು ಮಾಡಿದರೆ ಸುಮಾರು 6 ಪಿಕ್ಸೆಲ್ ಉಳಿಯುತ್ತದೆ. ಅಂಚನ್ನೂ 32ರಿಂದ 64 ಮಾಡಿ, ಆಗ ಎರಡೂ ಪಕ್ಕದ ಮೂರು ಮೂರು ಕಂಬಿ ಮಾಡೆಲ್‌ಗೆ ಕಾಣುತ್ತದೆ, ಕಂಬಿ ಹಿಗ್ಗುವುದು ಅದೇ 18 ಪಿಕ್ಸೆಲ್‌ಗೇ.

ಆಮೇಲೆ ಹಳೆಯ ಕಂಬಿಗಳನ್ನು ಹಿಂದಿನ ಗೋಡೆಯ ಬಣ್ಣದಿಂದ ಒರಟಾಗಿ ಮುಚ್ಚಿ. ಗುರುತು ಮಾಡಿದ ಜಾಗದಲ್ಲಿ ಕಂಬಿ ಬಣ್ಣದ ನೆಟ್ಟನೆ ಗೆರೆ ಎಳೆಯಿರಿ, ಕಂಬಿ ಎಷ್ಟು ದಪ್ಪವೋ ಅಷ್ಟೇ ದಪ್ಪ. ಈಗ ರೇಲಿಂಗ್ ಮಕ್ಕಳು ಬರೆದ ಚಿತ್ರದ ಹಾಗೆ ಕಾಣುತ್ತದೆ. ಪರವಾಗಿಲ್ಲ. ಒಂದೊಂದು ತುಂಡಿಗೂ ಮಾಸ್ಕ್ ಹಾಕಿ ಹೀಗೆ ಕೊಡಿ:

```
Inpaint area: Only masked
Only masked padding, pixels: 64
Masked content: original
Mask blur: 4
Denoising strength: 0.5
Width: 1024  Height: 1024
```

ಇದರಲ್ಲಿ ಕೈ ಹಿಡಿಯೋದೂ ಕೈ ಕೊಡೋದೂ `Denoising strength`, ಅಂದರೆ ಇದ್ದ ಚಿತ್ರವನ್ನು ಮಾಡೆಲ್ ಎಷ್ಟು ಬದಲಾಯಿಸಬೇಕು ಅನ್ನೋ ಅಳತೆ. 0.75 ಇಟ್ಟರೆ ನೀವು ಎಳೆದ ಗೆರೆ ಬಿಟ್ಟು ಕಂಬಿ ತನಗೆ ಬೇಕಾದ ಕಡೆ ಸರಿಯುತ್ತದೆ. 0.3 ಇಟ್ಟರೆ ಗೆರೆ ಗೆರೆಯಾಗೇ ಉಳಿಯುತ್ತದೆ, ಕಬ್ಬಿಣದ ಹೊಳಪು ಬರುವುದಿಲ್ಲ. 0.45ರಿಂದ 0.55ರ ಒಳಗೆ ನನಗೆ ಸರಿ ಬಂದಿದೆ. `Masked content` ಅಲ್ಲಿ `latent noise` ಆರಿಸಬೇಡಿ, ಎಳೆದ ಗೆರೆಯನ್ನೇ ಅದು ಅಳಿಸಿಬಿಡುತ್ತದೆ.

ಕಂಟ್ರೋಲ್‌ನೆಟ್ ಅಂದರೆ ನಾವು ಕೊಟ್ಟ ಗೆರೆಯನ್ನೇ ಹಿಡಿಯುವ ಹಾಗೆ ಮಾಡುವ ಜೊತೆ ಮಾಡೆಲ್. ಅದು ಬೇಕಾ ಅಂತ ಕೇಳುವವರಿಗೆ: ನಿಮ್ಮ ಗ್ರಾಫಿಕ್ಸ್ ಕಾರ್ಡ್‌ನಲ್ಲಿ ಜಾಗ ಇದ್ದರೆ ಖಂಡಿತ ಹಾಕಿ. ಅದಿದ್ದರೆ ಡಿನಾಯ್ಸಿಂಗ್ 0.8ವರೆಗೂ ಏರಿಸಬಹುದು, ಕಂಬಿ ಕದಲುವುದಿಲ್ಲ, ಹೊಳಪು ಇನ್ನೂ ಚೆನ್ನಾಗಿ ಬರುತ್ತದೆ. ಆದರೆ ತುಂಬಾ ಜನ ಮಾಡುವ ತಪ್ಪು ಒಂದಿದೆ. ಸೊಟ್ಟಗಿರುವ ಚಿತ್ರವನ್ನೇ ಅದಕ್ಕೆ ಕೊಟ್ಟು ಗೆರೆ ತೆಗೆಸುತ್ತಾರೆ. ಆಗ ಅದು ಸೊಟ್ಟನ್ನೇ ನಿಷ್ಠೆಯಿಂದ ಕಾಪಾಡುತ್ತದೆ. ನೀವು ಎಳೆದ ಗೆರೆಯ ಲೇಯರನ್ನೇ, ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಗೆರೆಯಾಗಿ, ಕೊಡಬೇಕು. ಬಿಳಿ ಮೇಲೆ ಕಪ್ಪು ಎಳೆದಿದ್ದರೆ `invert (from white bg & black line)` ಆರಿಸಿ. ನೆಟ್ಟನೆ ಕಂಬಿಗೆ ಎಂಎಲ್‌ಎಸ್‌ಡಿ ಮಾಡೆಲ್ ಚೆಂದ, ಅದು ನೇರ ಗೆರೆಗಂತಲೇ ಇರುವುದು. ಬಳ್ಳಿ ಡಿಸೈನ್, ಸುರುಳಿ ಇದ್ದರೆ ಲೈನ್‌ಆರ್ಟ್ ಬೇಕು.

ಕಾರ್ಡ್ ಚಿಕ್ಕದು, ಸ್ಟೇಬಲ್ ಡಿಫ್ಯೂಷನ್ 1.5 ಮಾತ್ರ ಓಡುತ್ತದೆ ಅನ್ನುವವರು ಅಳತೆಯನ್ನು 512 ಇಡಬೇಕಾಗುತ್ತದೆ, ಆ ಮಾಡೆಲ್ ಕಲಿತಿರುವುದು ಆ ಅಳತೆಯಲ್ಲಿ. ಆಗ 18 ಪಿಕ್ಸೆಲ್ ಕಂಬಿ 9 ಆಗುತ್ತದೆ. 768ಕ್ಕೆ ಏರಿಸಿ ನೋಡಿ. ತುಂಡು ಸಣ್ಣದಾದ್ದರಿಂದ, ಗೆರೆಯೂ ಇರುವುದರಿಂದ, ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ.

ಒಂದನ್ನು ಸರಿ ಮಾಡಿ, ಉಳಿದದ್ದಕ್ಕೆ ನಕಲು

ಕಿಟಕಿಗಳಿಗೆ ನನ್ನ ಮನಸ್ಸು ಒಲಿಯೋದು ಈ ಕಡೆ. ಮೂರು ಮಹಡಿ ಕಟ್ಟಡದಲ್ಲಿ ಹದಿನೈದು ಕಿಟಕಿ, ಒಂದೊಂದರಲ್ಲೂ ಗ್ರಿಲ್. ಹದಿನೈದನ್ನೂ ತುಂಡು ತುಂಡಾಗಿ ತುಂಬಿದರೆ ಹದಿನೈದು ಥರದ ಗ್ರಿಲ್ ಬರುತ್ತದೆ. ಅದರ ಬದಲು ಒಂದು ಕಿಟಕಿಯನ್ನು ಮೇಲಿನ ಹಾಗೆ ಶ್ರದ್ಧೆಯಿಂದ ಸರಿ ಮಾಡಿ. ಗಿಂಪ್‌ನ ಪರ್ಸ್ಪೆಕ್ಟಿವ್ ಟೂಲ್‌ನಲ್ಲಿ ನಾಲ್ಕು ಮೂಲೆ ಹಿಡಿದು ಉಳಿದ ಜಾಗಕ್ಕೆ ಕೂರಿಸಿ. ಫೋಟೋಶಾಪ್ ಇದ್ದವರಿಗೆ ವ್ಯಾನಿಶಿಂಗ್ ಪಾಯಿಂಟ್ ಇದೆ, ಕೆಲಸ ಇನ್ನೂ ಬೇಗ. ಗ್ರಾಫಿಕ್ಸ್ ಕಾರ್ಡೇ ಇಲ್ಲದವರಿಗೂ ಆಗುತ್ತದೆ.

ನಕಲು ಮಾಡಿದ್ದು ಗಾಜಿನಲ್ಲಿ ಗೊತ್ತಾಗುತ್ತದೆ. ಎಲ್ಲ ಗಾಜಿನಲ್ಲೂ ಅದೇ ಮೋಡ, ಅದೇ ಮರದ ಬಿಂಬ. ಅದಕ್ಕೆ ಗಾಜಿಗೆ ಮಾತ್ರ ಮಾಸ್ಕ್ ಹಾಕಿ, ಕಂಬಿ ಬಿಟ್ಟು, ಡಿನಾಯ್ಸಿಂಗ್ 0.4ರಲ್ಲಿ ಒಂದೊಂದನ್ನೂ ಬೇರೆ ಮಾಡಿ. ಬಿಸಿಲು ಒಂದು ಕಡೆಯಿಂದ ಬೀಳುತ್ತಿದ್ದರೆ ಸಜ್ಜದ ನೆರಳನ್ನೂ ನೋಡಿಕೊಳ್ಳಿ.

ಉಳಿದ ಎರಡನ್ನು ಬೇಗ ಹೇಳಿ ಮುಗಿಸುತ್ತೇನೆ. ಲಾಮಾ ಅನ್ನುವ ಮಾಡೆಲ್ ಮರುಕಳಿಸುವ ವಿನ್ಯಾಸವನ್ನು ಮುಂದುವರಿಸೋದರಲ್ಲಿ ಗಟ್ಟಿ, ಕಾರ್ಡ್ ಇಲ್ಲದ ಕಂಪ್ಯೂಟರ್‌ನಲ್ಲೂ ಓಡುತ್ತದೆ. ಗ್ರಿಲ್ ಮುಂದೆ ನಿಂತ ಬೈಕ್, ಅಡ್ಡ ಬಂದ ಕರೆಂಟ್ ವೈರ್ ತೆಗೆಯೋಕೆ ಅದನ್ನೇ ಬಳಸಿ. ಪ್ರಾಂಪ್ಟ್ ಕೇಳುವುದಿಲ್ಲ, ಹಾಗಾಗಿ ಸೊಟ್ಟ ಸಾಲನ್ನು ಸರಿ ಮಾಡು ಅಂದರೆ ಆಗುವುದಿಲ್ಲ. ಫೋಟೋಶಾಪ್‌ನ ಜನರೇಟಿವ್ ಫಿಲ್ ಕೂಡ ಸಣ್ಣ ತುಂಡು ಆರಿಸಿದಾಗಲೇ ಚೆನ್ನಾಗಿ ಬರುತ್ತದೆ. ಆದರೆ ನಿಮ್ಮ ಗೆರೆಯನ್ನು ಎಷ್ಟು ಉಳಿಸಬೇಕು ಅಂತ ಹೇಳೋಕೆ ಡಿನಾಯ್ಸಿಂಗ್‌ನಂಥ ಗುಂಡಿ ಅದರಲ್ಲಿಲ್ಲ. ತಿಂಗಳ ದುಡ್ಡು ಆಗಲೇ ಕಟ್ಟುತ್ತಿದ್ದರೆ ಬಳಸಿ, ಇದೊಂದಕ್ಕಾಗಿ ಕಟ್ಟಬೇಡಿ.

ದೇವಸ್ಥಾನದ ಕಂಬಗಳ ಮಾತು

ಚಿಕ್ಕಬಳ್ಳಾಪುರದ ಕಡೆಯ ಸ್ಟುಡಿಯೋದವರು ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನದ ಥರದ ಹಿನ್ನೆಲೆಯನ್ನು ಮದುವೆ ಆಲ್ಬಮ್‌ಗೆ ಮಾಡಿಸುತ್ತಾರೆ. ಕಲ್ಯಾಣಿ, ಸುತ್ತ ಕಂಬಗಳ ಸಾಲು. ಹತ್ತಿರದ ಕಂಬಗಳು ದಪ್ಪ, ಅವಕ್ಕೆ ಏನೂ ಆಗಿರುವುದಿಲ್ಲ. ಕರಗಿರೋದು ದೂರದ ಕಂಬಗಳು. ಅವನ್ನು ಮಾತ್ರ ತುಂಡು ಮಾಡಿ. ಒಂದು ತುಂಡಿನಲ್ಲಿ ಎರಡು ಕಂಬ, ನಡುವಿನ ಪೂರ್ತಿ ಸಂದು, ಕೆಳಗಿನ ಪೀಠ, ಮೇಲಿನ ತೊಲೆ ಎಲ್ಲ ಇರಬೇಕು. ತೊಲೆ ಬಿಟ್ಟು ಕಂಬಕ್ಕೆ ಮಾತ್ರ ಮಾಸ್ಕ್ ಹಾಕಿದರೆ ಕಂಬ ತೊಲೆಗೆ ತಾಗದೆ ನಿಲ್ಲುತ್ತದೆ. ನೀರಿನಲ್ಲಿ ಬಿಂಬ ಇದ್ದರೆ ಅದನ್ನು ಬೇರೆಯಾಗಿ ತುಂಬಬೇಡಿ. ಸರಿ ಮಾಡಿದ ಕಂಬಗಳನ್ನೇ ತಲೆಕೆಳಗು ಮಾಡಿ ಅಂಟಿಸಿ, ಸ್ವಲ್ಪ ಮಸುಕು ಮಾಡಿ. ಇಲ್ಲದಿದ್ದರೆ ಮೇಲೆ ಒಂಬತ್ತು ಕಂಬ, ನೀರಿನಲ್ಲಿ ಏಳು ಆಗುತ್ತದೆ.

ನಿಜವಾದ ದೇವಸ್ಥಾನದ ಫೋಟೋ ಮಸುಕಾಗಿದೆ ಅಂತ ಇದೇ ರೀತಿ ತುಂಬೋಕೆ ಮಾತ್ರ ಹೋಗಬೇಡಿ. ಹಳೆಯ ಕಂಬಗಳಲ್ಲಿ ಒಂದರ ಕೆತ್ತನೆ ಇನ್ನೊಂದರಲ್ಲಿ ಇರುವುದಿಲ್ಲ. ಮಾಡೆಲ್ ತುಂಬುವ ಕೆತ್ತನೆ ಆ ಕಲ್ಲಿನಲ್ಲಿ ಇಲ್ಲದ್ದು. ಮತ್ತೊಮ್ಮೆ ಹೋಗಿ ಫೋಟೋ ತೆಗೆಯೋದೇ ಸರಿ.

ಕೊನೆಯಲ್ಲಿ ಪರೀಕ್ಷೆ

ಯಾವ ದಾರಿ ಹಿಡಿದರೂ, ತುಂಡುಗಳು ಮುಗಿದ ಮೇಲೆ ಎಲ್ಲ ಒಂದೇ ಥರ ಕಾಣಲಿ ಅಂತ ಇಡೀ ಚಿತ್ರವನ್ನು ಇನ್ನೊಂದು ಸಲ ಕಡಿಮೆ ಡಿನಾಯ್ಸಿಂಗ್‌ನಲ್ಲಿ ಓಡಿಸಬೇಡಿ. ಇಡೀ ಚಿತ್ರ ಮತ್ತೆ 8 ಪಿಕ್ಸೆಲ್ ಚೌಕಗಳೊಳಗೆ ಇಳಿದು ಬರುತ್ತದೆ, 6 ಪಿಕ್ಸೆಲ್ ಕಂಬಿಗಳು ಮತ್ತೆ ಕರಗುತ್ತವೆ. ಒಂದು ತುಂಡು ಕಪ್ಪಾಗಿ, ಪಕ್ಕದ್ದು ಬೆಳ್ಳಗೆ ಬಂದಿದ್ದರೆ ಗಿಂಪ್‌ನಲ್ಲಿ ಆ ತುಂಡಿನ ಹೊಳಪು ಮಾತ್ರ ಸರಿ ಮಾಡಿ.

ಆಮೇಲೆ ಗೆರೆಯ ಲೇಯರನ್ನು ಮೇಲೆ ಇಟ್ಟು ಕಣ್ಣು ಮುಚ್ಚಿ ತೆರೆಯುವ ಹಾಗೆ ಹಾಕಿ ತೆಗೆದು ನೋಡಿ. ಕಂಬಿ ಗೆರೆ ಬಿಟ್ಟು ಸರಿದಿದ್ದರೆ ಕಣ್ಣಿಗೆ ತಕ್ಷಣ ಹೊಡೆಯುತ್ತದೆ. ಚಿತ್ರವನ್ನು ಎಡ ಬಲ ತಿರುಗಿಸಿ ಒಮ್ಮೆ ನೋಡಿ. ಕೊನೆಗೆ ವೆಲ್ಡರ್ ಎಣಿಸಿದ ಹಾಗೆ ಎಣಿಸಿ. ಮೇಲಿನ ಪಟ್ಟಿಯಲ್ಲಿ ಒಂದು ಸಲ, ಕೆಳಗಿನ ಪಟ್ಟಿಯಲ್ಲಿ ಒಂದು ಸಲ. ಕ್ಯಾತ್ಸಂದ್ರದ ರೇಲಿಂಗಿನಲ್ಲಿ ಮೂರು ತುಂಡು ಸರಿ ಇತ್ತು. ನಾಲ್ಕನೆಯದರಲ್ಲಿ, ದೂರದ ತುದಿಯಲ್ಲಿ, ಮೇಲೆ ಏಳು, ಕೆಳಗೆ ಆರು. ಎರಡು ಕಂಬಿ ಕೆಳಗೆ ಕೂಡಿಕೊಂಡಿದ್ದವು. ಅಲ್ಲಿ ಸಂದು ತೀರಾ ಕಿರಿದಾಗಿತ್ತು. ಆ ಎರಡು ಕಂಬಿಯ ಮೇಲೆ ಮತ್ತೆ ಗೆರೆ ಎಳೆದು, ಡಿನಾಯ್ಸಿಂಗ್ 0.4ಕ್ಕೆ ಇಳಿಸಿ, ಅದೊಂದೇ ತುಂಡನ್ನು ಮತ್ತೆ ತುಂಬಿದೆ. ಮೇಲೂ 30, ಕೆಳಗೂ 30 ಬಂತು. ಪ್ರಿಂಟ್ ಮಾರನೇ ದಿನ ವೆಲ್ಡಿಂಗ್ ಅಂಗಡಿಗೆ ಹೋಯಿತು.